ಒಂದು ಹಡಗು, ಹಲವು ವರದಿಗಳು

1912ರ ಏಪ್ರಿಲ್ 15, ಸೋಮವಾರ. ಆ ಬೆಳಗ್ಗೆ ‘ನ್ಯೂಯಾರ್ಕ್ ಟೈಮ್ಸ್’ ಓದಿದವರಿಗೆ ಸಿಕ್ಕ ಸುದ್ದಿ ಇದು: ಟೈಟಾನಿಕ್ ಹಡಗು ಹಿಮಬಂಡೆಗೆ ಬಡಿದಿದೆ, ಮುಂಭಾಗದಿಂದ ಮುಳುಗುತ್ತಿದೆ, ಹೆಂಗಸರನ್ನು ದೋಣಿಗಳಿಗೆ ಇಳಿಸುತ್ತಿದ್ದಾರೆ, 12.27ಕ್ಕೆ ಬಂದ ಕೊನೆಯ ವೈರ್‌ಲೆಸ್ ಸಂದೇಶ ಅಸ್ಪಷ್ಟವಾಗಿತ್ತು. ಅದೇ ದಿನ ಅದೇ ಊರಿನಲ್ಲಿ ‘ಈವ್ನಿಂಗ್ ಸನ್’ ಕೊಂಡವರು ದಪ್ಪಕ್ಷರದಲ್ಲಿ ಓದಿದ್ದು, ಡಿಕ್ಕಿಯ ನಂತರ ಟೈಟಾನಿಕ್‌ನಲ್ಲಿದ್ದ ಎಲ್ಲರೂ ಪಾರಾದರು ಎಂದು. ಮರುದಿನ ಲಂಡನ್ನಿನ ‘ಡೇಲಿ ಮೇಲ್’, ಹಡಗು ಮುಳುಗಿತು ಆದರೆ ಪ್ರಾಣಹಾನಿ ಇಲ್ಲ ಎಂದಿತು. ಆ ಮರುದಿನದ ನ್ಯೂಯಾರ್ಕ್ ಟೈಮ್ಸ್ ಮಾತ್ರ 866 ಮಂದಿ ಉಳಿದಿದ್ದಾರೆ, ಬಹುಶಃ 1,250 ಮಂದಿ ಸತ್ತಿದ್ದಾರೆ ಎಂದು ಬರೆಯಿತು.

ಈ ನಾಲ್ಕು ವರದಿಗಳನ್ನು ಮುಂದಿಟ್ಟುಕೊಂಡು ಒಂದು ಸಾರಾಂಶ ಬರೆಯಬೇಕಾಗಿದೆ ಎಂದುಕೊಳ್ಳಿ. ಎಲ್ಲದರಲ್ಲೂ ಇರುವುದನ್ನು ಒಟ್ಟುಮಾಡಿ, ಇಲ್ಲದ್ದನ್ನು ಬಿಟ್ಟು, ಸಂಖ್ಯೆ ಹೊಂದದ ಕಡೆ ನಡುವಿನದೊಂದನ್ನು ಆರಿಸಿ ಬರೆದರೆ ಕೆಲಸ ಮುಗಿಯಿತು ಎಂದು ಅನಿಸುವುದು ಸಹಜ. ಹಾಗೆ ಬರೆದ ಸಾರಾಂಶ ಓದಲು ಸೊಗಸಾಗಿರುತ್ತದೆ, ಆದರೆ ಅದು ಸುಳ್ಳಾಗಿರುವ ಸಾಧ್ಯತೆ ಹೆಚ್ಚು. ಒಂದೇ ಘಟನೆಯ ಹಲವು ಬರಹಗಳನ್ನು ಸೇರಿಸಿ ಬರೆಯುವವರು ಮೊದಲು ಕೇಳಬೇಕಾದದ್ದು ‘ಎಷ್ಟು ಜನ ಹೀಗೆ ಹೇಳಿದ್ದಾರೆ’ ಎಂದಲ್ಲ. ‘ಇವರಿಗೆ ಇದು ಹೇಗೆ ಗೊತ್ತಾಯಿತು’ ಎಂದು. ಈ ಪ್ರಶ್ನೆಯನ್ನು ಹಿಡಿದು ಹೊರಟರೆ ಒಮ್ಮತದ ಬೆಲೆ ಎಷ್ಟು ಎಂಬುದೂ ತಿಳಿಯುತ್ತದೆ, ಭಿನ್ನತೆ ಎಲ್ಲಿಂದ ಹುಟ್ಟಿತು ಎಂಬುದೂ ತಿಳಿಯುತ್ತದೆ. ಟೈಟಾನಿಕ್ ಇದಕ್ಕೆ ಒಳ್ಳೆಯ ಪಾಠ. ಪತ್ರಿಕೆಗಳು, ಬದುಕುಳಿದವರ ಹೇಳಿಕೆಗಳು, ಎರಡು ದೇಶಗಳ ತನಿಖಾ ವರದಿಗಳು ಎಲ್ಲವೂ ನಮ್ಮ ಕೈಯಲ್ಲಿವೆ. ಅವುಗಳಲ್ಲಿ ಒಂದು ಜಗಳಕ್ಕೆ 73 ವರ್ಷಗಳ ನಂತರ ಸಮುದ್ರದ ತಳದಿಂದಲೇ ಉತ್ತರ ಬಂತು.

ಸುದ್ದಿಯ ಮೂಲ ಹುಡುಕುವುದು

ಮೊದಲ ಹೆಜ್ಜೆ ಬರೆಯುವುದಲ್ಲ, ಪಟ್ಟಿ ಮಾಡುವುದು. ಒಂದು ಹಾಳೆಯಲ್ಲಿ ಪ್ರತಿ ವರದಿಗೂ ಒಂದು ಸಾಲು. ಆ ಸಾಲಿನಲ್ಲಿ ವರದಿ ಪ್ರಕಟವಾದ ದಿನ, ಅದು ಹೇಳುವ ಮುಖ್ಯ ವಿಷಯ, ಆ ವಿಷಯವನ್ನು ವರದಿಗಾರನಿಗೆ ಯಾರು ಹೇಳಿದರು, ಹೇಳಿದವರು ಆಗ ಎಲ್ಲಿದ್ದರು ಎಂಬುದನ್ನು ಬರೆಯಬೇಕು. ಕೊನೆಯ ಎರಡು ಖಾನೆಗಳನ್ನು ತುಂಬುವಾಗಲೇ ಬಹುಪಾಲು ಗೊಂದಲ ಬಯಲಾಗುತ್ತದೆ.

ಏಪ್ರಿಲ್ 15ರ ವರದಿಗಳನ್ನೇ ನೋಡಿ. ಹಡಗು ಮುಳುಗಿದ್ದು ಅಟ್ಲಾಂಟಿಕ್ ಸಾಗರದ ನಡುವೆ, ಕತ್ತಲಲ್ಲಿ. ಬದುಕುಳಿದವರೆಲ್ಲರೂ ಕಾರ್ಪೇಥಿಯಾ ಎಂಬ ಹಡಗಿನಲ್ಲಿದ್ದರು. ಅದು ನ್ಯೂಯಾರ್ಕ್ ಬಂದರು ಸೇರಿದ್ದು 18ರ ರಾತ್ರಿ. ಅಂದರೆ ಮೊದಲ ದಿನ ದಡದಲ್ಲಿದ್ದ ಯಾವ ಪತ್ರಕರ್ತನೂ ಕಣ್ಣಾರೆ ಕಂಡ ಒಬ್ಬನೊಂದಿಗೂ ಮಾತನಾಡಿರಲಿಲ್ಲ. ಅವರ ಬಳಿ ಇದ್ದದ್ದು ಎರಡೇ: ಹಡಗುಗಳ ನಡುವೆ ಓಡಾಡಿದ ವೈರ್‌ಲೆಸ್ ಸಂದೇಶಗಳ ತುಣುಕುಗಳು, ಮತ್ತು ಹಡಗು ಕಂಪನಿಯ ನ್ಯೂಯಾರ್ಕ್ ಕಚೇರಿಯ ಮಾತು. ಆ ಕಚೇರಿಯಲ್ಲಿದ್ದ ಉಪಾಧ್ಯಕ್ಷ ಫಿಲಿಪ್ ಫ್ರಾಂಕ್ಲಿನ್, ಟೈಟಾನಿಕ್ ಮುಳುಗಲಾರದ ಹಡಗು ಎಂಬ ತಮ್ಮ ನಂಬಿಕೆಯನ್ನು ಪತ್ರಕರ್ತರಿಗೆ ಹೇಳಿದ್ದರು.

ಎಲ್ಲರೂ ಸುರಕ್ಷಿತ, ಹಡಗನ್ನು ಹ್ಯಾಲಿಫ್ಯಾಕ್ಸ್ ಬಂದರಿಗೆ ಎಳೆದು ತರುತ್ತಿದ್ದಾರೆ ಎಂಬ ಸುದ್ದಿ ಹುಟ್ಟಿದ್ದು ಹೇಗೆ? ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ಹೀಗಿದೆ. ಟೈಟಾನಿಕ್ ಪ್ರಯಾಣಿಕರೆಲ್ಲ ಸುರಕ್ಷಿತರೇ ಎಂದು ಯಾರೋ ವೈರ್‌ಲೆಸ್‌ನಲ್ಲಿ ಪ್ರಶ್ನೆ ಕೇಳಿದ್ದರು. ಅದೇ ಹೊತ್ತಿನಲ್ಲಿ ಏಷ್ಯನ್ ಎಂಬ ಹಡಗು, ಕೆಟ್ಟು ನಿಂತಿದ್ದ ಡಾಯ್ಚ್‌ಲ್ಯಾಂಡ್ ಎಂಬ ತೈಲ ಹಡಗನ್ನು ಹ್ಯಾಲಿಫ್ಯಾಕ್ಸ್‌ಗೆ ಎಳೆದೊಯ್ಯುತ್ತಿರುವುದಾಗಿ ತಿಳಿಸಿತ್ತು. ಅರ್ಧಂಬರ್ಧ ಕೇಳಿಸಿದ ಈ ಎರಡು ಸಂದೇಶಗಳು ಎಲ್ಲೋ ಒಂದಾದವು. ಪ್ರಶ್ನೆ ಉತ್ತರವಾಯಿತು, ಡಾಯ್ಚ್‌ಲ್ಯಾಂಡ್ ಟೈಟಾನಿಕ್ ಆಯಿತು. ಸುದ್ದಿಸಂಸ್ಥೆಗಳ ತಂತಿಯ ಮೂಲಕ ಅದು ಅಮೆರಿಕ, ಕೆನಡಾ, ಬ್ರಿಟನ್ನಿನ ಪತ್ರಿಕೆಗಳಿಗೆ ಹಬ್ಬಿತು. ಪ್ರಯಾಣಿಕರ ಬಂಧುಗಳನ್ನು ಕರೆದೊಯ್ಯಲು ಹ್ಯಾಲಿಫ್ಯಾಕ್ಸ್ ಕಡೆಗೆ ವಿಶೇಷ ರೈಲು ಕೂಡ ಹೊರಟಿತ್ತು.

ಆ ಸಂಜೆ ಎಷ್ಟೋ ಪತ್ರಿಕೆಗಳಲ್ಲಿ ಒಂದೇ ಮಾತಿತ್ತು. ಆದರೆ ಅವು ಅಷ್ಟು ಸಾಕ್ಷಿಗಳಲ್ಲ. ಒಂದೇ ಬಾವಿಯ ನೀರನ್ನು ಹತ್ತು ಕೊಡಗಳಲ್ಲಿ ತುಂಬಿಟ್ಟು ಊರಲ್ಲಿ ಹತ್ತು ಬಾವಿಗಳಿವೆ ಎಂದು ಲೆಕ್ಕ ಕೊಟ್ಟಂತೆ ಅದು. ಇಂಥದ್ದನ್ನು ಗುರುತಿಸಲು ಕೆಲವು ಸುಳಿವುಗಳಿವೆ. ಬೇರೆ ಬೇರೆ ಪತ್ರಿಕೆಗಳಲ್ಲಿ ವಾಕ್ಯಗಳು ಪದಕ್ಕೆ ಪದ ಹೊಂದುತ್ತಿದ್ದರೆ, ಒಂದೇ ವಿಚಿತ್ರ ವಿವರ ಎಲ್ಲ ಕಡೆ ಇದ್ದರೆ, ಹೆಸರಿನ ತಪ್ಪು ಕಾಗುಣಿತವೂ ಒಂದೇ ಆಗಿದ್ದರೆ, ‘ತಿಳಿದುಬಂದಿದೆ’ ಎಂದು ಹೇಳಿ ಯಾರಿಂದ ತಿಳಿಯಿತು ಎಂಬುದನ್ನು ಎಲ್ಲರೂ ಬಿಟ್ಟಿದ್ದರೆ ಅವೆಲ್ಲ ಒಂದೇ ಮೂಲದವು ಎಂದು ಅನುಮಾನಿಸಬೇಕು. ಪಟ್ಟಿಯಲ್ಲಿ ಅಂಥ ವರದಿಗಳನ್ನೆಲ್ಲ ಒಂದು ಗೆರೆ ಎಳೆದು ಒಟ್ಟು ಸೇರಿಸಿ, ಒಂದೇ ಮೂಲವೆಂದು ಎಣಿಸಬೇಕು.

ಮೊದಲ ದಿನದ ನ್ಯೂಯಾರ್ಕ್ ಟೈಮ್ಸ್ ಬೇರೆಯದನ್ನು ಹೇಳಿದ್ದೇಕೆ ಎಂಬುದಕ್ಕೂ ಉತ್ತರ ಇಲ್ಲಿದೆ. ಅದರ ವ್ಯವಸ್ಥಾಪಕ ಸಂಪಾದಕ ಕಾರ್ ವ್ಯಾನ್ ಆಂಡಾ ಕೈಯಲ್ಲಿ ಇದ್ದದ್ದೂ ವೈರ್‌ಲೆಸ್ ತುಣುಕುಗಳೇ. ಆದರೆ ಆ ಪತ್ರಿಕೆ, ಸಂದೇಶಗಳಲ್ಲಿ ಇದ್ದಷ್ಟನ್ನೇ ಹೇಳಿ, ಕೊನೆಯ ಸಂದೇಶ ಬಂದದ್ದು ಯಾವಾಗ ಎಂಬುದನ್ನೂ ಹೇಳಿತು. ಆ ಮೌನವೂ ಒಂದು ಮಾಹಿತಿಯೇ.

ಎರಡು ಗಡಿಯಾರ

ಏಪ್ರಿಲ್ 16ರ ನ್ಯೂಯಾರ್ಕ್ ಟೈಮ್ಸ್ ತಲೆಬರಹದಲ್ಲಿ ಇನ್ನೊಂದು ಮಾತಿತ್ತು: ಹಿಮಬಂಡೆಗೆ ಬಡಿದ ನಾಲ್ಕು ಗಂಟೆಗಳ ನಂತರ ಟೈಟಾನಿಕ್ ಮುಳುಗಿತು. ಮುಂದಿನ ತನಿಖೆಗಳ ಪ್ರಕಾರ ಡಿಕ್ಕಿಯಾದದ್ದು 14ರ ರಾತ್ರಿ 11.40ಕ್ಕೆ, ಮುಳುಗಿದ್ದು 2.20ಕ್ಕೆ. ಅಂದರೆ 2 ಗಂಟೆ 40 ನಿಮಿಷ. ಇದನ್ನು ಸಾರಾಂಶದಲ್ಲಿ ‘ಎರಡೂವರೆಯಿಂದ ನಾಲ್ಕು ಗಂಟೆ’ ಎಂದು ಬರೆದು ಕೈತೊಳೆದುಕೊಳ್ಳಬಹುದು. ಆದರೆ ಇವು ಒಂದೇ ಪ್ರಶ್ನೆಗೆ ಬಂದ ಎರಡು ಅಂದಾಜುಗಳಲ್ಲ.

ಸುದ್ದಿಸಂಸ್ಥೆಯ ಮೊದಲ ವರದಿ, ಟೈಟಾನಿಕ್ ಅಪಾಯದ ಸಂದೇಶ ಕಳಿಸಿದ್ದು ರಾತ್ರಿ 10.25ಕ್ಕೆ ಎಂದಿತ್ತು. ಅದು ನ್ಯೂಯಾರ್ಕ್ ಸಮಯ. ಹಡಗಿನ ಗಡಿಯಾರ ಅದಕ್ಕಿಂತ ಮುಂದಿತ್ತು. ಬ್ರಿಟಿಷ್ ತನಿಖೆ ಈ ವ್ಯತ್ಯಾಸವನ್ನು 1 ಗಂಟೆ 50 ನಿಮಿಷ ಎಂದು ಹಿಡಿಯಿತು. ಹಾಗಾಗಿ ನ್ಯೂಯಾರ್ಕಿನ 10.25 ಎಂದರೆ ಹಡಗಿನಲ್ಲಿ 12.15. ಮುಳುಗಿದ ಹೊತ್ತು 2.20 ಎಂಬುದು ಹಡಗಿನ ಸಮಯ. ಒಂದು ಗಡಿಯಾರದ 10.25ನ್ನು ಇನ್ನೊಂದು ಗಡಿಯಾರದ 2.20ರಿಂದ ಕಳೆದರೆ ಹೆಚ್ಚುಕಡಿಮೆ ನಾಲ್ಕು ಗಂಟೆ ಬರುತ್ತದೆ. ಆ ತಲೆಬರಹ ಹುಟ್ಟಿದ್ದು ಬಹುಮಟ್ಟಿಗೆ ಹೀಗೆಯೇ ಇರಬೇಕು. ಎರಡೂ ಅಂಕಿಗಳು ಸರಿಯಾಗಿದ್ದವು, ಕಳೆದದ್ದು ತಪ್ಪಾಯಿತು. ಇಂಥ ಕಡೆ ಭಿನ್ನತೆಯನ್ನು ಓದುಗರಿಗೆ ದಾಟಿಸುವ ಅಗತ್ಯವೇ ಇಲ್ಲ. ಎರಡನ್ನೂ ಒಂದೇ ಗಡಿಯಾರಕ್ಕೆ ತಂದು, ಸರಿಯಾದ ಅವಧಿ ಹೇಳಿದರೆ ಸಾಕು.

ಇದೇ ಲೆಕ್ಕದಿಂದ ಇನ್ನೊಂದು ಅಮೂಲ್ಯ ಸಂಗತಿ ಸಿಗುತ್ತದೆ. ಹಡಗು 2.20ಕ್ಕೆ ಮುಳುಗಿತು ಎಂದು ಹಲವು ವರದಿಗಳು ಹೇಳುತ್ತವೆ. ಅವೆಲ್ಲ ಒಂದೇ ಮೂಲದವು ಆಗಿರಬಹುದೇ? ಆಗಿರಬಹುದು, ಏಕೆಂದರೆ ಬದುಕುಳಿದವರು ಮೂರು ದಿನ ಒಂದೇ ಹಡಗಿನಲ್ಲಿ ಕುಳಿತು ಆ ರಾತ್ರಿಯ ಬಗ್ಗೆ ಮಾತನಾಡಿಕೊಂಡಿದ್ದರು. ಆದ್ದರಿಂದ ಆ ಹಡಗಿನಿಂದಾಚೆಯ ಒಂದು ಸಾಕ್ಷ್ಯ ಬೇಕು. ಮೂರನೆಯ ಅಧಿಕಾರಿ ಹರ್ಬರ್ಟ್ ಪಿಟ್‌ಮನ್ ಲೈಫ್‌ಬೋಟಿನಲ್ಲಿದ್ದು, ಹಡಗು ಮರೆಯಾದಾಗ ತನ್ನ ಗಡಿಯಾರ ತೆಗೆದು ನೋಡಿದೆ, ಆಗ 2.20 ಆಗಿತ್ತು ಎಂದು ಅಮೆರಿಕದ ತನಿಖೆಯಲ್ಲಿ ಹೇಳಿದರು. ಇತ್ತ ಎಷ್ಟೋ ದೂರದಲ್ಲಿದ್ದ ವರ್ಜಿನಿಯನ್ ಎಂಬ ಹಡಗಿನ ವೈರ್‌ಲೆಸ್ ಕೋಣೆಗೆ ಟೈಟಾನಿಕ್‌ನ ಕ್ಷೀಣ ಸಂಕೇತ ಕೇಳಿಸಿ ಥಟ್ಟನೆ ನಿಂತದ್ದು ನ್ಯೂಯಾರ್ಕ್ ಸಮಯ 12.27ಕ್ಕೆ. ಅದನ್ನು ಹಡಗಿನ ಸಮಯಕ್ಕೆ ತಂದರೆ 2.17. ದೋಣಿಯಲ್ಲಿದ್ದವನ ಗಡಿಯಾರಕ್ಕೂ ದೂರದ ಹಡಗಿನಲ್ಲಿದ್ದವನ ಕಿವಿಗೂ ಯಾವ ಸಂಬಂಧವೂ ಇಲ್ಲ. ಆದರೂ ಅವು ಮೂರೇ ನಿಮಿಷಗಳ ಅಂತರದಲ್ಲಿ ಬಂದು ಸೇರುತ್ತವೆ. ಒಮ್ಮತ ಎಂದು ಬರೆಯಲು ಅರ್ಹವಾದದ್ದು ಇಂಥದ್ದು. ಒಬ್ಬರನ್ನೊಬ್ಬರು ಕೇಳಿರದ ಇಬ್ಬರು ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಕಡೆ ಸೇರಿದರೆ ಅದು ಐವತ್ತು ಪತ್ರಿಕೆಗಳ ಒಂದೇ ಮಾತಿಗಿಂತ ಗಟ್ಟಿ.

ಸತ್ತವರನ್ನು ಯಾರು ಎಣಿಸಿದರು?

ಯಾವುದೇ ದುರಂತದಲ್ಲಿ ವರದಿಗಳು ಹೆಚ್ಚು ಜಗಳವಾಡುವುದು ಸಾವಿನ ಸಂಖ್ಯೆಯ ಮೇಲೆ. ಅಮೆರಿಕದ ಸೆನೆಟ್ ತನಿಖೆಯ ಪ್ರಕಾರ ಟೈಟಾನಿಕ್‌ನಲ್ಲಿ ಸತ್ತವರು 1,517. ಲಾರ್ಡ್ ಮರ್ಸಿ ನಡೆಸಿದ ಬ್ರಿಟಿಷ್ ತನಿಖೆಯ ಲೆಕ್ಕ 1,490. ಎರಡೂ 1912ರಲ್ಲೇ ಮುಗಿದ ಅಧಿಕೃತ ತನಿಖೆಗಳು. ವ್ಯತ್ಯಾಸ 27 ಜನ. ಯಾರನ್ನು ನಂಬುವುದು?

ಯಾರನ್ನೂ ಆರಿಸುವ ಮೊದಲು, ಈ ಸಂಖ್ಯೆ ಬಂದದ್ದು ಹೇಗೆ ಎಂದು ಕೇಳಬೇಕು. ಸತ್ತವರನ್ನು ಯಾರೂ ಎಣಿಸಿರಲಿಲ್ಲ. ಶವಗಳನ್ನು ಹುಡುಕಲು ಹೋದ ಮೆಕೆ-ಬೆನೆಟ್ ಹಡಗಿಗೆ ಸಿಕ್ಕಿದ್ದು 306 ದೇಹಗಳು ಮಾತ್ರ. ಆ ಮೇಲೆ ಬೇರೆ ಹಡಗುಗಳಿಗೆ ಕೆಲವೇ ಸಿಕ್ಕವು. ಉಳಿದವರ ಬಗ್ಗೆ ಇದ್ದದ್ದು ಕಳೆಯುವ ಲೆಕ್ಕ ಒಂದೇ: ಹಡಗಿನಲ್ಲಿದ್ದವರು ಎಷ್ಟು, ಅದರಲ್ಲಿ ಬದುಕಿದವರು ಎಷ್ಟು.

ಸೆನೆಟ್ ಪ್ರಕಾರ ಹಡಗಿನಲ್ಲಿದ್ದವರು 2,223, ಬದುಕಿದವರು 706. ಮರ್ಸಿ ವರದಿಯ ಪ್ರಕಾರ ಇದ್ದವರು 2,201, ಬದುಕಿದವರು 711. ಈಗ 27ರ ಅಂತರ ತಾನಾಗಿ ಬಿಚ್ಚಿಕೊಳ್ಳುತ್ತದೆ. ಹಡಗು ಹತ್ತಿದವರ ಎಣಿಕೆಯಲ್ಲಿ 22 ಜನರ ವ್ಯತ್ಯಾಸ, ಬದುಕಿದವರ ಎಣಿಕೆಯಲ್ಲಿ ಐದು ಜನರ ವ್ಯತ್ಯಾಸ. ಎರಡೂ ಸೇರಿ 27. ಭಿನ್ನಾಭಿಪ್ರಾಯ ಸಮುದ್ರದಲ್ಲಿ ಏನಾಯಿತು ಎಂಬುದರ ಬಗ್ಗೆ ಅಲ್ಲ. ಅದರ ಬಹುಭಾಗ ಇರುವುದು ಪ್ರಯಾಣಿಕರ ಪಟ್ಟಿಯಲ್ಲಿ. ಟಿಕೆಟ್ ಕೊಂಡು ಕೊನೆಗೆ ಹತ್ತದವರು, ಬೇರೆ ಹೆಸರಿನಲ್ಲಿ ಬಂದವರು, ಒಂದೇ ಹೆಸರಿನ ಎರಡು ಕಾಗುಣಿತ ಇವೆಲ್ಲ ಅಂಥ ಪಟ್ಟಿಯನ್ನು ಕೆಡಿಸುತ್ತವೆ. ಇದನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ಸುಮಾರು 1,500 ಜನ ಸತ್ತರು, ಅಮೆರಿಕದ ತನಿಖೆ 1,517 ಎಂದೂ ಬ್ರಿಟಿಷ್ ತನಿಖೆ 1,490 ಎಂದೂ ಲೆಕ್ಕ ಹಾಕಿದವು, ಹಡಗಿನಲ್ಲಿದ್ದವರ ಪಟ್ಟಿಯೇ ಖಚಿತವಾಗಿ ಇರದಿದ್ದುದು ಇದಕ್ಕೆ ಮುಖ್ಯ ಕಾರಣ.

ಇಲ್ಲಿ ಮಾಡಲೇಬಾರದ ಕೆಲಸ ಸರಾಸರಿ ತೆಗೆಯುವುದು. ಎರಡರ ನಡುವಿನ 1,503 ಅಥವಾ 1,504 ಎಂದು ಬರೆದರೆ, ಆ ಎರಡು ತನಿಖೆಗಳ ಯಾವ ಪಟ್ಟಿಯಿಂದಲೂ ಬಾರದ ಸಂಖ್ಯೆಯೊಂದನ್ನು ಅವುಗಳ ತಲೆಗೆ ಕಟ್ಟಿದಂತೆ. ಹಾಗೆಯೇ ಒಂದು ವರದಿಯಿಂದ ಹತ್ತಿದವರ ಸಂಖ್ಯೆಯನ್ನೂ ಇನ್ನೊಂದರಿಂದ ಬದುಕಿದವರ ಸಂಖ್ಯೆಯನ್ನೂ ತೆಗೆದುಕೊಳ್ಳಬಾರದು. 2,223ರಲ್ಲಿ 711 ಕಳೆದರೆ 1,512 ಬರುತ್ತದೆ, ಅದನ್ನು ಈ ಎರಡರಲ್ಲಿ ಯಾವ ತನಿಖೆಯೂ ಹೇಳಿಲ್ಲ. ಮೊದಲ ದಿನಗಳ ಅಂಕಿಗಳ ಕತೆ ಬೇರೆ. ಸೋಮವಾರ ಸಂಜೆ ಒಲಿಂಪಿಕ್ ಹಡಗಿನ ಮೂಲಕ ದಡ ಮುಟ್ಟಿದ ಸಂದೇಶದಲ್ಲಿ ಬದುಕಿದವರು ಸುಮಾರು 675 ಎಂದಿತ್ತು, ಪತ್ರಿಕೆಯಲ್ಲಿ 866 ಎಂದು ಬಂತು. ಇವನ್ನು ನಂತರದ ಲೆಕ್ಕಗಳ ಪಕ್ಕದಲ್ಲಿ ಸಮಾನವಾಗಿ ಇಡಬಾರದು. ಪಟ್ಟಿ ಕೈಗೆ ಬಂದು ತಾಳೆ ನೋಡಿದ ಮೇಲಿನ ಅಂಕಿಯೇ ಸಾರಾಂಶಕ್ಕೆ ಸಲ್ಲುತ್ತದೆ. ಹಳೆಯದನ್ನು ಹೇಳಲೇಬೇಕಿದ್ದರೆ ‘ಮೊದಲ ವರದಿಗಳಲ್ಲಿ’ ಎಂಬ ಗುರುತು ಹಾಕಿ ಹೇಳಬೇಕು.

ನಮ್ಮ ಪತ್ರಿಕೆಗಳಲ್ಲಿ ಒಂದು ಬಸ್ ಅಪಘಾತದ ಬಗ್ಗೆ ಎರಡು ಸಂಖ್ಯೆ ಬಂದಾಗಲೂ ಮೊದಲು ಹೀಗೆಯೇ ಬಿಚ್ಚಿ ನೋಡಬೇಕು. ಒಂದು ವರದಿ ಸ್ಥಳದಲ್ಲೇ ಸತ್ತವರನ್ನು ಮಾತ್ರ ಹೇಳಿರಬಹುದು, ಇನ್ನೊಂದು ಆಸ್ಪತ್ರೆಯಲ್ಲಿ ತೀರಿಕೊಂಡವರನ್ನೂ ಸೇರಿಸಿರಬಹುದು. ಒಂದು ಸಂಜೆ ಆರರ ಸುದ್ದಿ, ಇನ್ನೊಂದು ಮಧ್ಯರಾತ್ರಿಯದು. ಆಗ ಎರಡೂ ಸರಿ, ಎಣಿಸಿದ್ದು ಮಾತ್ರ ಬೇರೆ.

ಹಡಗು ಎರಡಾಯಿತೇ?

ಈಗ ಎಲ್ಲಕ್ಕಿಂತ ಕಷ್ಟದ ಭಿನ್ನತೆ. ಟೈಟಾನಿಕ್ ಮುಳುಗುವ ಮೊದಲು ಎರಡು ತುಂಡಾಯಿತೇ, ಇಡಿಯಾಗಿ ಮುಳುಗಿತೇ? ಇದು ಗಡಿಯಾರದ ಲೆಕ್ಕವಲ್ಲ, ಪಟ್ಟಿಯ ಲೆಕ್ಕವೂ ಅಲ್ಲ. ಒಂದು ನಿಜವಾಗಿದ್ದರೆ ಇನ್ನೊಂದು ಆಗಲಾರದು.

ಬದುಕಿದ ಅಧಿಕಾರಿಗಳಲ್ಲಿ ಎಲ್ಲರಿಗಿಂತ ಹಿರಿಯರಾದ ಎರಡನೆಯ ಅಧಿಕಾರಿ ಚಾರ್ಲ್ಸ್ ಲೈಟೋಲರ್, ಹಡಗು ಇಡಿಯಾಗಿಯೇ ಮುಳುಗಿತು ಎಂದು ಖಚಿತವಾಗಿ ಹೇಳಿದರು. ಪಿಟ್‌ಮನ್ ಮಾತೂ ಅದೇ. ಪ್ರಯಾಣಿಕರಾದ ಕರ್ನಲ್ ಆರ್ಚಿಬಾಲ್ಡ್ ಗ್ರೇಸಿಯೂ ಅದನ್ನೇ ನಂಬಿದ್ದರು. ಇನ್ನೊಂದು ಕಡೆ ಹದಿನೇಳು ವರ್ಷದ ಪ್ರಯಾಣಿಕ ಜಾಕ್ ಥೇಯರ್, ಹಡಗು ಮುರಿದದ್ದನ್ನು ಕಂಡೆ ಎಂದ. ಅವನ ವಿವರಣೆಯ ಆಧಾರದ ಮೇಲೆ ಬರೆದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಎಡ್ವರ್ಡ್ ಬ್ಯೂಲಿ, ಫ್ರಾಂಕ್ ಆಸ್ಮನ್‌ರಂಥ ನಾವಿಕರು ಕೂಡ ಸೆನೆಟ್ ಸಮಿತಿಯ ಮುಂದೆ ಹಡಗು ತುಂಡಾಯಿತು ಎಂದರು.

ಪಟ್ಟಿಯ ‘ಎಲ್ಲಿದ್ದರು’ ಎಂಬ ಖಾನೆ ಇಲ್ಲಿ ಬಹಳ ಕೆಲಸಕ್ಕೆ ಬರುತ್ತದೆ. ಆ ರಾತ್ರಿ ಚಂದ್ರನಿರಲಿಲ್ಲ. ಕೊನೆಯ ನಿಮಿಷಗಳಲ್ಲಿ ಹಡಗಿನ ದೀಪಗಳೂ ಆರಿಹೋದವು. ದೋಣಿಗಳು ಬೇರೆ ಬೇರೆ ದೂರದಲ್ಲಿ, ಬೇರೆ ಬೇರೆ ದಿಕ್ಕಿನಲ್ಲಿ ತೇಲುತ್ತಿದ್ದವು. ಹೆಚ್ಚು ಯೋಚಿಸಬೇಕಾದ ಸಂಗತಿ ಎಂದರೆ ಲೈಟೋಲರ್, ಗ್ರೇಸಿ, ಥೇಯರ್ ಮೂವರೂ ಕೊನೆಗೆ ಆಶ್ರಯ ಪಡೆದದ್ದು ಒಂದೇ ದೋಣಿಯಲ್ಲಿ, ಬೋರಲಾಗಿ ತೇಲುತ್ತಿದ್ದ ಒಂದು ಮಡಚುದೋಣಿಯ ಬೆನ್ನಿನ ಮೇಲೆ. ಆದರೆ ಗ್ರೇಸಿ ಹಡಗಿನೊಂದಿಗೆ ನೀರಿನಡಿಗೆ ಹೋಗಿದ್ದರು, ಅವರು ಮೇಲೆ ಬರುವಷ್ಟರಲ್ಲಿ ಹಡಗು ಇರಲೇ ಇಲ್ಲ. ಹಡಗು ಮುರಿಯಲಿಲ್ಲ ಎಂಬ ಅವರ ಮಾತು ಕಂಡದ್ದರ ಸಾಕ್ಷ್ಯವಲ್ಲ, ಅವರು ತಲುಪಿದ ತೀರ್ಮಾನ. ಸಾರಾಂಶದಲ್ಲಿ ಇವೆರಡನ್ನೂ ‘ಹೇಳಿದರು’ ಎಂಬ ಒಂದೇ ಕ್ರಿಯಾಪದದಲ್ಲಿ ಸೇರಿಸಿಬಿಟ್ಟರೆ ಓದುಗರು ಮೋಸಹೋಗುತ್ತಾರೆ. ‘ಕಂಡೆ ಎಂದರು’ ಮತ್ತು ‘ಅಭಿಪ್ರಾಯಪಟ್ಟರು’ ಎಂದು ಬೇರೆ ಮಾಡಿ ಬರೆದರೆ ತೂಕ ತಾನಾಗಿ ತಿಳಿಯುತ್ತದೆ.

ತನಿಖೆಗಳು ಇದನ್ನು ಹೇಗೆ ಬಗೆಹರಿಸಿದವು? ಎರಡೂ ತಪ್ಪು ತೀರ್ಮಾನಕ್ಕೇ ಬಂದವು. ಬ್ರಿಟಿಷ್ ವರದಿ ಹಡಗು ಎರಡಾಗಲಿಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಿತು. ಸೆನೆಟ್ ವರದಿಯೂ ಹಡಗು ಇಡಿಯಾಗಿ ಮುಳುಗಿತು ಎಂದಿತು. ಆದರೆ ಹಾಗೆ ಹೇಳುವ ಮೊದಲು, ಈ ವಿಷಯದಲ್ಲಿ ಪರಸ್ಪರ ವಿರುದ್ಧವಾದ ಹೇಳಿಕೆಗಳು ಬಹಳ ಇವೆ, ಸಾಕ್ಷ್ಯದ ತೂಕ ಮಾತ್ರ ಈ ಕಡೆಗಿದೆ ಎಂದು ದಾಖಲಿಸಿತು.

1985ರ ಸೆಪ್ಟೆಂಬರ್ 1ರಂದು ರಾಬರ್ಟ್ ಬಲಾರ್ಡ್ ಮತ್ತು ಜಾನ್-ಲೂಯಿ ಮಿಷೆಲ್ ನೇತೃತ್ವದ ಅಮೆರಿಕ-ಫ್ರಾನ್ಸ್ ತಂಡ ಸುಮಾರು 3,800 ಮೀಟರ್ ಆಳದಲ್ಲಿ ಟೈಟಾನಿಕ್ ಅನ್ನು ಪತ್ತೆಹಚ್ಚಿತು. ಹಡಗಿನ ಮುಂಭಾಗ ಒಂದು ಕಡೆ, ಹಿಂಭಾಗ ಅಲ್ಲಿಂದ ಸುಮಾರು 600 ಮೀಟರ್ ದೂರದಲ್ಲಿ ಬಿದ್ದಿದ್ದವು. ಹದಿನೇಳರ ಹುಡುಗನೂ ಆ ನಾವಿಕರೂ ಹೇಳಿದ್ದು ನಿಜವಾಗಿತ್ತು.

ಈಗ ಎರಡು ತನಿಖಾ ವರದಿಗಳನ್ನು ಮತ್ತೆ ಹೋಲಿಸಿ. ಇಬ್ಬರದೂ ತೀರ್ಮಾನ ತಪ್ಪಿತು. ಆದರೂ ಸೆನೆಟ್ ವರದಿ ಓದಿದವನಿಗೆ ಇಲ್ಲೊಂದು ತೆರೆದ ಪ್ರಶ್ನೆ ಇದೆ ಎಂಬುದು ಗೊತ್ತಾಗುತ್ತಿತ್ತು. ಬ್ರಿಟಿಷ್ ವರದಿಯ ಆ ವಾಕ್ಯ ಮಾತ್ರ ಓದಿದವನಿಗೆ ಅದು ಗೊತ್ತಾಗುವ ದಾರಿಯೇ ಇರಲಿಲ್ಲ. ಸಾರಾಂಶ ಬರೆಯುವವರಿಗೆ ಸತ್ಯ ಯಾವಾಗಲೂ ಸಿಗುತ್ತದೆ ಎಂಬ ಭರವಸೆ ಇಲ್ಲ. ಆದರೆ ಯಾವುದರ ಬಗ್ಗೆ ಜಗಳವಿದೆ ಎಂದು ಪ್ರಾಮಾಣಿಕವಾಗಿ ಹೇಳುವುದು ಅವರ ಕೈಯಲ್ಲೇ ಇದೆ. ಎಣಿಕೆಯಲ್ಲಿ ಗೆದ್ದ ಮಾತನ್ನು, ಪದವಿಯಲ್ಲಿ ದೊಡ್ಡವರ ಮಾತನ್ನು ಉಳಿಸಿಕೊಂಡು ಉಳಿದದ್ದನ್ನು ಅಳಿಸಿದರೆ, ನಾಳೆ ಹೊಸ ಆಧಾರ ಸಿಕ್ಕಾಗ ಹಿಂದಿರುಗಿ ನೋಡಲು ಏನೂ ಇರುವುದಿಲ್ಲ.

ತೀರ್ಮಾನವಾಗದೆ ಉಳಿಯುವುದು

ಕೆಲವು ಭಿನ್ನತೆಗಳಿಗೆ ಸಮುದ್ರದ ತಳವೂ ಉತ್ತರ ಕೊಡುವುದಿಲ್ಲ. ಹಡಗಿನ ವಾದ್ಯವೃಂದ ಕೊನೆಗೆ ನುಡಿಸಿದ್ದು ಏನು? ವ್ಯಾಲೇಸ್ ಹಾರ್ಟ್ಲಿ ಮತ್ತು ಅವರ ಏಳು ಸಂಗಡಿಗರು ಯಾರೂ ಬದುಕಲಿಲ್ಲ. ‘ನಿಯರರ್, ಮೈ ಗಾಡ್, ಟು ದೀ’ ಎಂಬ ಪ್ರಾರ್ಥನಾಗೀತೆ ನುಡಿಸಿದರು ಎಂಬುದು ಪತ್ರಿಕೆಗಳಲ್ಲಿ ಬೇಗ ಹಬ್ಬಿತು. ಹಾಗೆ ಹೇಳಿದವರಲ್ಲಿ ಒಬ್ಬರಾದ ವೆರಾ ಡಿಕ್ ಮೊದಲ ದೋಣಿಗಳಲ್ಲೊಂದರಲ್ಲಿ, ಹಡಗು ಮುಳುಗುವುದಕ್ಕೆ ಒಂದು ಗಂಟೆಗೂ ಮೊದಲೇ ಹೊರಟಿದ್ದರು. ಕಿರಿಯ ವೈರ್‌ಲೆಸ್ ನಿರ್ವಾಹಕ ಹೆರಾಲ್ಡ್ ಬ್ರೈಡ್ ಕೊನೆಯವರೆಗೂ ಹಡಗಿನಲ್ಲಿದ್ದು ನೀರು ಬಂದಾಗ ಕೊಚ್ಚಿಹೋದವರು. ಅವರು ಏಪ್ರಿಲ್ 19ರ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ‘ಆಟಮ್’ ಎಂಬ ಹೆಸರು ಹೇಳಿದರು. ಗ್ರೇಸಿ ಆ ಪ್ರಾರ್ಥನಾಗೀತೆಯನ್ನು ತಾವು ಕೇಳಲೇ ಇಲ್ಲ ಎಂದರು.

ಇಲ್ಲಿ ಸಾರಾಂಶ ಗೆಲುವು ಸೋಲು ಹೇಳಬೇಕಿಲ್ಲ. ಆದರೆ ಎರಡೂ ಕಡೆ ಸಮ ಎಂಬಂತೆಯೂ ತೋರಿಸಬಾರದು. ಕೊನೆಯವರೆಗೆ ಹಡಗಿನಲ್ಲಿದ್ದವರು ಯಾರು, ಮೊದಲೇ ಹೊರಟವರು ಯಾರು ಎಂಬುದನ್ನು ಹೇಳಿ ನಿಲ್ಲಿಸಿದರೆ ಓದುಗರೇ ತೂಗಿ ನೋಡುತ್ತಾರೆ. ವಾದ್ಯವೃಂದ ನುಡಿಸುತ್ತಿತ್ತು ಎಂಬುದರಲ್ಲಿ ಮಾತ್ರ ಇವರೆಲ್ಲ ಒಪ್ಪುತ್ತಾರೆ. ಭಿನ್ನತೆಯ ಗಲಾಟೆಯಲ್ಲಿ ಅಡಿಯಲ್ಲಿರುವ ಇಂಥ ಒಪ್ಪಿಗೆ ಕಾಣದೆ ಹೋಗುವುದುಂಟು, ಅದನ್ನು ಮೊದಲು ಹೇಳಬೇಕು.

ಬರೆಯುವ ಹೊತ್ತು

ಪಟ್ಟಿ ಮುಗಿದ ಮೇಲೆ ಬರೆಯುವುದು ಕಷ್ಟವಲ್ಲ. ಟೈಟಾನಿಕ್‌ನ ಎಲ್ಲ ವರದಿಗಳನ್ನು ಸೇರಿಸಿ, 1912ರ ಕೊನೆಯಲ್ಲಿ ಕುಳಿತು ಒಬ್ಬರು ಬರೆಯಬಹುದಾಗಿದ್ದ ಸಾರಾಂಶ ಹೀಗಿರುತ್ತಿತ್ತು:

ಟೈಟಾನಿಕ್ ಏಪ್ರಿಲ್ 14ರ ರಾತ್ರಿ 11.40ಕ್ಕೆ ಹಿಮಬಂಡೆಗೆ ಬಡಿದು, ಹಡಗಿನ ಸಮಯದಂತೆ 2.20ಕ್ಕೆ ಮುಳುಗಿತು. ಮುಳುಗಿದ ಹೊತ್ತನ್ನು ದೋಣಿಯಲ್ಲಿದ್ದ ಅಧಿಕಾರಿಯ ಗಡಿಯಾರವೂ ದೂರದ ಹಡಗಿನ ವೈರ್‌ಲೆಸ್ ದಾಖಲೆಯೂ ಬೇರೆ ಬೇರೆಯಾಗಿ ಸಮರ್ಥಿಸುತ್ತವೆ. ಬದುಕಿದವರನ್ನು ಕಾರ್ಪೇಥಿಯಾ ಹಡಗು ಎತ್ತಿಕೊಂಡಿತು. ಸತ್ತವರು ಸುಮಾರು 1,500. ಅಮೆರಿಕದ ತನಿಖೆಯ ಲೆಕ್ಕ 1,517, ಬ್ರಿಟಿಷ್ ತನಿಖೆಯದು 1,490, ಹಡಗಿನಲ್ಲಿದ್ದವರ ಸಂಖ್ಯೆಯನ್ನೇ ಎರಡೂ ಬೇರೆಯಾಗಿ ಹಿಡಿದಿವೆ. ಎಲ್ಲರೂ ಪಾರಾದರು ಎಂಬ ಮೊದಲ ದಿನದ ಸುದ್ದಿ ಸುಳ್ಳು ಎಂದು ಸಾಬೀತಾಗಿದೆ. ಹಡಗು ಇಡಿಯಾಗಿ ಮುಳುಗಿತು ಎಂದು ಹಿರಿಯ ಅಧಿಕಾರಿಗಳೂ ಎರಡೂ ತನಿಖೆಗಳೂ ಹೇಳುತ್ತವೆ. ಆದರೆ ತುಂಡಾದದ್ದನ್ನು ಕಂಡೆವು ಎಂದು ಕೆಲವು ನಾವಿಕರೂ ಪ್ರಯಾಣಿಕ ಜಾಕ್ ಥೇಯರ್ ಅವರೂ ಹೇಳಿದ್ದಾರೆ. ಆಗ ದೀಪಗಳು ಆರಿದ್ದವು.

ಇದರ ಕ್ರಮ ಗಮನಿಸಿ. ಗಟ್ಟಿಯಾದದ್ದು ಮೊದಲು, ಅದು ಏಕೆ ಗಟ್ಟಿ ಎಂಬ ಕಾರಣ ಅದರ ಹಿಂದೆಯೇ. ಆಮೇಲೆ ಸಂಖ್ಯೆಯ ಭಿನ್ನತೆ, ಕಾರಣ ಸಮೇತ. ಬಿದ್ದುಹೋದ ಸುದ್ದಿಗೆ ಒಂದೇ ಸಾಲು. ಕೊನೆಯಲ್ಲಿ ತೀರದ ಜಗಳ, ಯಾರು ಯಾವ ಕಡೆ ಎಂಬುದರೊಂದಿಗೆ. ‘ಕೆಲವರು ಹೇಳುತ್ತಾರೆ’ ಎಂಬ ಹೆಸರಿಲ್ಲದ ಮಾತು ಬರೆದಲ್ಲೆಲ್ಲ ಆ ಕೆಲವರು ಯಾರು ಎಂದು ಹೇಳಲಾಗಿದೆ.

ಬರೆದು ಮುಗಿಸಿದ ಮೇಲೆ ಒಂದು ಪರೀಕ್ಷೆ ಉಳಿದಿದೆ. ಸಾರಾಂಶದ ಪ್ರತಿ ವಾಕ್ಯದ ಮೇಲೆ ಬೆರಳಿಟ್ಟು, ಇದು ಯಾವ ವರದಿಯ ಯಾವ ಮಾತು ಎಂದು ಪಟ್ಟಿಯಲ್ಲಿ ತೋರಿಸಲು ಬರಬೇಕು. ತೋರಿಸಲಾಗದ ವಾಕ್ಯ ಬಹುತೇಕ ಎರಡು ವರದಿಗಳ ಹೊಲಿಗೆಯಿಂದ ಹುಟ್ಟಿದ್ದು, ಹ್ಯಾಲಿಫ್ಯಾಕ್ಸ್‌ಗೆ ಎಳೆದು ತಂದ ಟೈಟಾನಿಕ್‌ನಂತೆ. ನಂತರ ತಿರುವುಮುರುವಾಗಿ, ಪ್ರತಿ ವರದಿಯನ್ನೂ ಎತ್ತಿಕೊಂಡು, ಇದನ್ನು ಬರೆದವರು ನನ್ನ ಸಾರಾಂಶ ಓದಿದರೆ ತಮ್ಮ ಮಾತು ಇಲ್ಲಿ ಸರಿಯಾಗಿ ಬಂದಿದೆ ಎಂದು ಒಪ್ಪುತ್ತಾರೆಯೇ ಎಂದು ಕೇಳಿಕೊಳ್ಳಬೇಕು. 1912ರ ಮೇಲಿನ ಸಾರಾಂಶವನ್ನು 1985ರಲ್ಲಿ ಸುಟ್ಟುಹಾಕಿ ಹೊಸದು ಬರೆಯಬೇಕಾಗುತ್ತಿರಲಿಲ್ಲ. ಥೇಯರ್ ಮತ್ತು ನಾವಿಕರ ಮಾತು ಅದರಲ್ಲೇ ಇರುತ್ತಿತ್ತು. ಅವರು ಹೇಳಿದ್ದೇ ಸರಿ ಎಂಬ ಒಂದು ವಾಕ್ಯ ಸೇರಿಸಿದರೆ ಸಾಕಾಗುತ್ತಿತ್ತು.